ಫೋಟೋದಾಗಿನ ಕಂತಿನ ಲೆಕ್ಕ: 66,200 ಸಾಲ, 10% ಚಕ್ರಬಡ್ಡಿ, 3 ಕಂತು. ನನಗ ಡಿ ಬರ್ಲತದ, ಗೆಳೆಯ ಬಿ ಅಂತಾನ

ಶಹಾಪುರ_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ರವಿವಾರ ಟೆಸ್ಟ್ ಅದ. ಗೆಳೆಯ ಜೆರಾಕ್ಸ್ ಹಾಳಿದು ಫೋಟೋ ಹೊಡದು ಕಳಿಸ್ಯಾನ. ಬಲಗಡಿ ಅಂಚು ಕಟ್ ಆಗ್ಯದ, ನಡುವ ಮಡಿಚಿದ ಗೆರಿ ಬಡ್ಡಿದರದ ಮ್ಯಾಲೇ ಹೋಗ್ಯದ. ಕಾಣಿಸಿದಷ್ಟು ಇಲ್ಲಿ ಟೈಪ್ ಮಾಡೀನಿ, ಫೋಟೋನೂ ಹಾಕೀನಿ.

"ಒಬ್ಬ ರೈತನು ಬ್ಯಾಂಕಿನಿಂದ ₹66,200 ಸಾಲ ಪಡೆದನು. ವಾರ್ಷಿಕ 10% ಚಕ್ರಬಡ್ಡಿಯಂತೆ ಈ ಸಾಲವನ್ನು 3 ಸಮಾನ ವಾರ್ಷಿಕ ಕಂತುಗಳಲ್ಲಿ, ಪ್ರತಿ ವರ್ಷದ" (ಇಲ್ಲಿಂದ ಮುಂದ ಕಟ್)

1. ಪ್ರತಿ ಕಂತಿನ ಮೊತ್ತವೆಷ್ಟು?
(ಎ) 24,200 (ಬಿ) 26,620 (ಸಿ) 28,687 (ಡಿ) 29,371 (ಇ) ಯಾವುದೂ ಅಲ್ಲ

2. ಆತ ಕಟ್ಟುವ ಒಟ್ಟು ಬಡ್ಡಿ ಎಷ್ಟು?
(ಎ) 6,400 (ಬಿ) 13,660 (ಸಿ) 19,860 (ಡಿ) 21,912 (ಇ) ಯಾವುದೂ ಅಲ್ಲ

ನಾ ಮಾಡಿದ್ದು ಹಿಂಗ: ಮೂರು ವರ್ಷಕ್ಕ ಚಕ್ರಬಡ್ಡಿ ಹಾಕಿದ್ರ 66,200 × 1.331 = 88,112. ಮೂರರಿಂದ ಭಾಗಿಸಿದ್ರ 29,371. ಡಿ ಒಳಗ ಅದೇ ಅದ. ಮತ್ತ ಬಿ ಹೆಂಗ ಆಗ್ತದ?

ಆಳಂದ_ಎಕ್ಸ್‌ಪ್ರೆಸ್
ಫೋಟೋ ನೋಡಿದ್ರ ಬಸ್ಸಿನಾಗ ನಿಂತು ಹೊಡದಂಗ ಕಾಣ್ತದ 😄

ಬೀದರ್_ಬಿದರಿ
ತಮ್ಮಾ, ಅದು 10 ಅಲ್ಲ, 16. ಜೂಮ್ ಮಾಡಿ ನೋಡು, ಸೊನ್ನಿಗಿ ಮ್ಯಾಲ ಬಾಲ ಬಂದದ. 16% ಹಾಕಿ ಮಾಡಿದ್ರ ಕಂತು 29,476 ಬರ್ತದ. ಹತ್ತಿರದ್ದು 29,371. ಅಂದ್ರ ಡಿ. ನಿಂದೇ ಖರೆ.

ಸೇಡಂ_ಲೆಕ್ಕದಕ್ಕ
ಬಿದರಿ ಅಣ್ಣಾ, "ಹತ್ತಿರದ್ದು" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. "ಅಂದಾಜು ಬೆಲೆ ಎಷ್ಟು" ಅಂತ ಪ್ರಶ್ನೆ ಕೇಳಿದ್ದರೆ ಬೇರೆ ಮಾತು. ಇಲ್ಲಿ ಇ ಆಯ್ಕೆ "ಯಾವುದೂ ಅಲ್ಲ" ಅಂತ ಇದೆ, 105 ರೂಪಾಯಿ ಫರಕ್ ಬಂದರೆ ಉತ್ತರ ಇ ಆಗಬೇಕು, ಡಿ ಅಲ್ಲ.

ಮಸುಕಾದ ದರವನ್ನು ಕಣ್ಣಿಂದ ಓದೋದಕ್ಕಿಂತ ಆಯ್ಕೆಗಳಿಂದ ಓದೋದು ಭದ್ರ. ಬಿ ತಗೊಳ್ಳಿ. 26,620 ಅಂದರೆ 1331 × 20. 1331 ಅಂದರೆ 11 × 11 × 11. ದರ 10% ಇದ್ದಾಗ ನೂರು ನೂರಾ ಹತ್ತು ಆಗುತ್ತೆ, ಅಂದರೆ 10ಕ್ಕೆ 11. ಮೂರು ವರ್ಷಕ್ಕೆ 11 ಮೂರು ಸಲ ಗುಣಿಸಿಕೊಂಡು ಬರುತ್ತೆ. ಪ್ರಶ್ನೆ ಬರೆದವರು ಉತ್ತರ ರೌಂಡ್ ಆಗಿ ಬರಲಿ ಅಂತ ಅಸಲನ್ನೇ ಆ ಲೆಕ್ಕಕ್ಕೆ ಹೊಂದಿಸಿ ಇಟ್ಟಿರುತ್ತಾರೆ. 66,200 ಅನ್ನೋ ವಿಚಿತ್ರ ಸಂಖ್ಯೆ ಬಂದಿದ್ದೂ ಅದಕ್ಕೇ. ಹಂಗಾಗಿ ಅದು 10%.

ಇನ್ನೊಂದು ಸಾಕ್ಷಿ ಎರಡನೇ ಪ್ರಶ್ನೆಯಲ್ಲಿದೆ. ಅಲ್ಲಿ ಸಿ 19,860. ಅದು 66,200ಕ್ಕೆ 10%ರಂತೆ ಮೂರು ವರ್ಷದ ಸರಳ ಬಡ್ಡಿ, ಒಂದು ರೂಪಾಯಿನೂ ಆಚೀಚೆ ಇಲ್ಲ. ದರ 16 ಆಗಿದ್ದರೆ ಆ ತಪ್ಪು ಆಯ್ಕೆ 31,776 ಆಗಿರಬೇಕಿತ್ತು.

ಗುರುಮಠಕಲ್_ಮಂಜು
ಇಷ್ಟೆಲ್ಲಾ ಯಾಕ್ರಿ. ಕಂತಿಗಿ ಡೈರೆಕ್ಟ್ ಸೂತ್ರ ಅದ:

```
x = 100A / (100n + r·n(n−1)/2)
```

A ಅಂದ್ರ ಕಟ್ಟಬೇಕಾದ ಒಟ್ಟು ಮೊತ್ತ, 86,060. n = 3, r = 10. ಕೆಳಗ 330 ಬರ್ತದ. 86,06,000 ÷ 330 = 26,079. ಬಿ ಹತ್ತಿರ ಅದ. ಉತ್ತರ ಬಿ. ಮುಂದಿನ ಪ್ರಶ್ನೆಗಿ ಹೋಗ್ರಿ.

ಸೇಡಂ_ಲೆಕ್ಕದಕ್ಕ
ಮಂಜು, ಆ ಸೂತ್ರ ಸರಳ ಬಡ್ಡಿಯ ಕಂತಿಗೆ. ಅದು ಅದರ ಜಾಗದಲ್ಲಿ ಸರಿ. ಇಲ್ಲಿ ಪ್ರಶ್ನೆ ಚಕ್ರಬಡ್ಡಿಯದು. ನಿಮ್ಮದೂ "ಹತ್ತಿರ" ಅಂತಲೇ ಮುಗೀತು ನೋಡಿ, ಫರಕ್ 541 ರೂಪಾಯಿ.

ಗುರುಮಠಕಲ್_ಮಂಜು
ಉತ್ತರ ಬಿ ಬಂತೋ ಇಲ್ಲೋ ಅಕ್ಕಾ? ಪರೀಕ್ಷಾದಾಗ ವಿಧಾನಕ್ಕ ಮಾರ್ಕ್ಸ್ ಕೊಡಂಗಿಲ್ಲ.

ಸೇಡಂ_ಲೆಕ್ಕದಕ್ಕ
ಬಂತು, ಎರಡನೇ ಪ್ರಶ್ನೆಗೆ ಏನು ಮಾಡ್ತೀರಿ? 26,079 × 3 = 78,237. ಅದರಲ್ಲಿ 66,200 ಕಳೆದರೆ 12,037. ಆಯ್ಕೆಯಲ್ಲಿ ಅದಿಲ್ಲ. ಆಗ ಇ ಹಚ್ಚುತ್ತೀರಿ, ಕಾಲು ಮಾರ್ಕ್ಸ್ ಕಟ್.

ಕಂತು ಸರಿ ಇದೆಯೋ ಇಲ್ಲವೋ ನೋಡಲಿಕ್ಕೆ ಸೂತ್ರವೇ ಬೇಡ. ಸಾಲದ ಪುಸ್ತಕ ಬರೆದಂಗೆ ಬರೆಯಿರಿ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿ, ಕಂತು ಕಳೆಯಿರಿ, ಮೂರನೇ ಕಂತಿಗೆ ಸೊನ್ನೆ ಆಗಬೇಕು. 26,620 ಹಾಕಿ ನೋಡಿ:

ಮೊದಲ ವರ್ಷ 66,200ಕ್ಕೆ ಬಡ್ಡಿ 6,620. ಒಟ್ಟು 72,820. ಕಂತು ಹೋದರೆ ಉಳಿದಿದ್ದು 46,200.
ಎರಡನೇ ವರ್ಷ 46,200ಕ್ಕೆ ಬಡ್ಡಿ 4,620. ಒಟ್ಟು 50,820. ಕಂತು ಹೋದರೆ 24,200.
ಮೂರನೇ ವರ್ಷ 24,200ಕ್ಕೆ ಬಡ್ಡಿ 2,420. ಒಟ್ಟು 26,620. ಕಂತು ಹೋದರೆ ಸೊನ್ನೆ.

ಮಂಜು ಅವರ 26,079 ಹಾಕಿದರೆ ಮೂರನೇ ಕಂತು ಕಟ್ಟಿದ ಮೇಲೂ 1,791 ರೂಪಾಯಿ ಸಾಲ ಉಳಿಯುತ್ತೆ. ಶಹಾಪುರದ ತಮ್ಮನ 29,371 ಹಾಕಿದರೆ ಉಲ್ಟಾ, ಮೂರನೇ ವರ್ಷ ಬ್ಯಾಂಕಿಗೆ 9,106 ರೂಪಾಯಿ ಜಾಸ್ತಿ ಹೋಗುತ್ತೆ.

ಶಹಾಪುರ_ಹುಡುಗ
ಅಕ್ಕಾ ಇದು ಛಲೋ ತಿಳೀತು. ಆದ್ರ ಚಕ್ರಬಡ್ಡಿ ಅಂದ್ರ 1.331 ಹಾಕಲೇಬೇಕಲ್ಲ? ನಾ ಹಾಕಿದ್ದು ಎಲ್ಲಿ ಕೆಟ್ಟಿತು ಅನ್ನೋದೇ ತಿಳೀವಲ್ದು.

ನಿವೃತ್ತ_ಶಾಖಾಧಿಕಾರಿ
1.331 ತಪ್ಪಲ್ಲ, ಅದನ್ನು ಪೂರ್ತಿ ಸಾಲಕ್ಕೆ ಹಾಕಿದ್ದು ತಪ್ಪು. ಮೂರು ವರ್ಷ ಒಂದು ಪೈಸೆಯೂ ಕಟ್ಟದೆ ಸುಮ್ಮನಿದ್ದು, ಕೊನೆಗೆ ಒಂದೇ ಗಂಟಿನಲ್ಲಿ ಕೊಟ್ಟರೆ 88,112. ಆದರೆ ಈ ರೈತ ಒಂದು ವರ್ಷಕ್ಕೇ 26,620 ಕೊಟ್ಟ. ಅದರಲ್ಲಿ ಬಡ್ಡಿ 6,620 ಹೋಗಿ 20,000 ಅಸಲಿಗೆ ಜಮಾ ಆಯಿತು. ಆ 20,000ದ ಮೇಲೆ ಮುಂದಿನ ಎರಡು ವರ್ಷ ಬಡ್ಡಿ ಕೇಳುವ ಹಕ್ಕು ಬ್ಯಾಂಕಿಗಿಲ್ಲ. ನಿಮ್ಮ ಲೆಕ್ಕ ಅದನ್ನೂ ಕೇಳುತ್ತಿದೆ.

ಅಸಲಿಗೆ ಜಮಾ ಆದ ಮೊತ್ತಗಳನ್ನು ಸಾಲಾಗಿ ಇಟ್ಟು ನೋಡಿ: 20,000, ಆಮೇಲೆ 22,000, ಆಮೇಲೆ 24,200. ಪ್ರತಿ ಸಲ 10% ಏರುತ್ತದೆ. ಸಮಾನ ಕಂತಿನ ಸಾಲದಲ್ಲಿ ಯಾವಾಗಲೂ ಹೀಗೇ ಇರುತ್ತದೆ, ಏಕೆಂದರೆ ಬಡ್ಡಿ ಎಷ್ಟು ಕಡಿಮೆಯಾಯಿತೋ ಅಷ್ಟೂ ಅಸಲಿನ ಕಡೆ ಸರಿಯುತ್ತದೆ. ಮೂರನ್ನೂ ಕೂಡಿದರೆ 66,200. ತಾಳೆ ನೋಡಲು ಇದೂ ಒಂದು ದಾರಿ.

ಹುಮನಾಬಾದ್_ಹೈವೇ
ಸರ್, ನಂದೊಂದು ಸಂಶಯ. ನಾನು ಬೈಕ್ ಸಾಲಕ್ಕ ಕೇಳಿದಾಗ ಶೋರೂಂದಾಗ "ಹತ್ತು ಪರ್ಸೆಂಟ್" ಅಂದ್ರು. ಸಾಲಕ್ಕ ಮೂರು ವರ್ಷದ ಬಡ್ಡಿ ಪೂರಾ ಕೂಡಿಸಿ 36ರಿಂದ ಭಾಗಿಸಿ ಕಂತು ಹೇಳಿದ್ರು. ಅದು ಯಾವ ಲೆಕ್ಕ? ಚಕ್ರಬಡ್ಡಿನಾ, ಸರಳನಾ?

ಆಳಂದ_ಎಕ್ಸ್‌ಪ್ರೆಸ್
ಅದು ಶೋರೂಂ ಬಡ್ಡಿ ಅಣ್ಣಾ. ಮೂರನೇ ಜಾತಿ.

ನಿವೃತ್ತ_ಶಾಖಾಧಿಕಾರಿ
ಅದಕ್ಕೆ ಫ್ಲಾಟ್ ದರ ಎನ್ನುತ್ತಾರೆ. ಈ ಪ್ರಶ್ನೆಯ ಅಸಲನ್ನೇ ಹಿಡಿದು ಹೇಳುತ್ತೇನೆ. 66,200ಕ್ಕೆ 10% ಫ್ಲಾಟ್ ಅಂದರೆ ಮೂರು ವರ್ಷಕ್ಕೆ ಬಡ್ಡಿ 19,860. ಒಟ್ಟು 86,060. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2,391. ಅದೇ 10%ರಲ್ಲಿ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುತ್ತಾ ಹೋದರೆ ತಿಂಗಳ ಕಂತು 2,136. ತಿಂಗಳಿಗೆ 254 ರೂಪಾಯಿ ಫರಕ್. 36 ತಿಂಗಳಿಗೆ ಒಂಬತ್ತು ಸಾವಿರಕ್ಕೂ ಮೇಲೆ.

ಫ್ಲಾಟ್ ಲೆಕ್ಕದಲ್ಲಿ ಕೊನೆಯ ತಿಂಗಳೂ ಪೂರ್ತಿ 66,200ರ ಮೇಲೆ ಬಡ್ಡಿ ಕಟ್ಟುತ್ತಿರುತ್ತೀರಿ, ಆಗ ನಿಮ್ಮ ಕೈಯಲ್ಲಿ ಉಳಿದಿರುವ ಸಾಲ ಎರಡು ಸಾವಿರ ಚಿಲ್ಲರೆ. ಹಾಗಾಗಿ ಅದು ನಿಜದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 18%ದ ಸಾಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಒಂದು ಮುಖ್ಯಾಂಶಗಳ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಸೇವಾ ಶುಲ್ಕವೂ ಸೇರಿ ಬರುವ ದರ ಅದು. ಬಾಯಲ್ಲಿ ಹೇಳಿದ ಹತ್ತನ್ನು ಬಿಟ್ಟು ಆ ಸಾಲು ಓದಿ.

ಹುಮನಾಬಾದ್_ಹೈವೇ
ಹಂಗಾದ್ರ ಪ್ರಶ್ನೆ 1ರಾಗ ಸಿ, 28,687, ಅದೇ ಫ್ಲಾಟ್ ಲೆಕ್ಕ ಏನ್ರಿ? 86,060 ಭಾಗಿಸು 3?

ಸೇಡಂ_ಲೆಕ್ಕದಕ್ಕ
ಹೌದ್ರಿ, ಸರಿಯಾಗಿ ಹಿಡಿದ್ರಿ. ಈ ಆಯ್ಕೆಗಳಲ್ಲಿ ಒಂದೂ ಸುಮ್ಮನೆ ಬರೆದ ಸಂಖ್ಯೆ ಅಲ್ಲ. ಸಿ ಅಂದರೆ ಸರಳ ಬಡ್ಡಿ ಕೂಡಿಸಿ ಮೂರರಿಂದ ಭಾಗಿಸಿದವರಿಗೆ. ಡಿ ಅಂದರೆ ಚಕ್ರಬಡ್ಡಿ ಕೂಡಿಸಿ ಮೂರರಿಂದ ಭಾಗಿಸಿದವರಿಗೆ. ಯಾರು ಯಾವ ತಪ್ಪು ಮಾಡಿದರೂ ಅವರ ಉತ್ತರ ಅಲ್ಲಿ ಕೂತಿರುತ್ತೆ. ಅದಕ್ಕೇ "ಆಯ್ಕೆಯಲ್ಲಿ ಇದೆ, ಹಂಗಾಗಿ ಸರಿ" ಅನ್ನೋದನ್ನು ನಂಬಬೇಡಿ.

ಬೀದರ್_ಬಿದರಿ
ಆತು, 10 ಅಂತನೇ ಇಟ್ಕೊಳ್ಳೋಣ. ಆದ್ರ ಪರೀಕ್ಷಾದಾಗ ಕ್ಯಾಲ್ಕುಲೇಟರ್ ಇರಂಗಿಲ್ಲ. ಆರ್‌ಆರ್‌ಬಿ ಪ್ರಿಲಿಮ್ಸ್‌ದಾಗ 45 ನಿಮಿಷಕ್ಕ 80 ಪ್ರಶ್ನಿ. ನೀವು ಬರ್ದಂಗ ಪುಸ್ತಕ ಬರಕೋತ ಕುಂತ್ರ ಉಳಿದಿದ್ದು ಯಾರು ಮಾಡ್ತಾರ? ಮತ್ತ ಪುಸ್ತಕ ಬರೀಲಿಕ್ಕ ಕಂತು ಮೊದಲೇ ಗೊತ್ತಿರಬೇಕಲ್ಲ.

ಸೇಡಂ_ಲೆಕ್ಕದಕ್ಕ
ಸರಿಯಾದ ಪ್ರಶ್ನೆ. ಪುಸ್ತಕ ಬರೆಯೋದು ತಾಳೆ ನೋಡಲಿಕ್ಕೆ. ಕಂತು ಹುಡುಕಲಿಕ್ಕೆ ಭಾಗ ಹಿಡಿಯಿರಿ.

ಕಂತು 1331 ಭಾಗ ಅಂತ ಇಟ್ಟುಕೊಳ್ಳಿ. ಒಂದು ವರ್ಷದ ನಂತರ ಕೊಡೋ 1331ಕ್ಕೆ ಇವತ್ತಿನ ಬೆಲೆ 1210, ಯಾಕಂದರೆ 1210ಕ್ಕೆ 10% ಸೇರಿದರೆ 1331. ಎರಡು ವರ್ಷದ ನಂತರ ಕೊಡೋ 1331ಕ್ಕೆ ಇವತ್ತಿನ ಬೆಲೆ 1100. ಮೂರು ವರ್ಷದ ನಂತರದ್ದಕ್ಕೆ 1000. ಮೂರೂ ಕೂಡಿದರೆ 3310. ಇವತ್ತು ಬ್ಯಾಂಕ್ ಕೊಟ್ಟ ಸಾಲ ಅಂದರೆ ಈ 3310 ಭಾಗವೇ.

```
3310 ಭಾಗ = 66,200
   1 ಭಾಗ = 20
1331 ಭಾಗ = 26,620
```

10%, ಮೂರು ಕಂತು ಅಂದ ಕೂಡಲೇ 3310ಕ್ಕೆ 1331. ಇದೊಂದು ಜೋಡಿ ನೆನಪಿದ್ದರೆ ರಫ್ ಶೀಟಲ್ಲಿ ಎರಡು ಸಾಲು. ಎರಡೇ ಕಂತಾದರೆ 210ಕ್ಕೆ 121. ಎರಡನೇ ಪ್ರಶ್ನೆ ಇನ್ನೂ ಸಲೀಸು, ಮೂರು ಕಂತು 79,860, ಅದರಲ್ಲಿ ಅಸಲು ತೆಗೆದರೆ 13,660.

ಗುರುಮಠಕಲ್_ಮಂಜು
ಇದು ಸೂತ್ರನೇ ಆತಲ್ಲ ಅಕ್ಕಾ, ಬರೇ ಬ್ಯಾರೆ ಅಂಗಿ ಹಾಕ್ಕೊಂಡು ಬಂದದ. ದರ 12% ಕೊಟ್ರ ಏನ್ ಮಾಡ್ತೀರಿ? 25ಕ್ಕ 28, ಆ 28ರ ಘನ 21,952. ಬಾಯಿಪಾಠ ಮಾಡ್ತೀರೇನು?

ಸೇಡಂ_ಲೆಕ್ಕದಕ್ಕ
12%ಗೆ ಮೂರು ಕಂತಿನ ಲೆಕ್ಕವನ್ನು ಕೈಯಲ್ಲಿ ಮಾಡೋದು ಕಷ್ಟ, ಒಪ್ಪಿದೆ. ಪ್ರಶ್ನೆ ಬರೆಯೋರಿಗೂ ಅದು ಗೊತ್ತು, ಹಂಗಾಗಿ 5, 10, 20 ಇವೇ ಜಾಸ್ತಿ ಬರೋದು. 12 ಬಂದರೆ ಸಾಮಾನ್ಯವಾಗಿ ಎರಡು ಕಂತು ಇರುತ್ತೆ. ಮೂರು ಕಂತು ಬಂದೇ ಬಂದರೆ ಆಯ್ಕೆಗಳಲ್ಲಿ 343ರಿಂದ ಭಾಗವಾಗೋದನ್ನು ಹುಡುಕಿ, 28ರಲ್ಲಿ 7 ಇದೆಯಲ್ಲ, ಮೂರು ಸಲ ಬರುತ್ತೆ. ಅದೂ ಸಿಗದಿದ್ದರೆ ಬಿಟ್ಟು ಮುಂದೆ ಹೋಗೋದೇ ವಾಸಿ.

ಗುರುಮಠಕಲ್_ಮಂಜು
ಭಾಗವಾಗೋದನ್ನ ಹುಡುಕೋದು ನಂಬಂಗಿಲ್ಲ. ಅಸಲು ಲೆಕ್ಕಕ್ಕ ಹೊಂದಿಸಲಾರದಂಗ ಕೊಟ್ಟು ಉತ್ತರಾನ ಪೈಸಾಕ್ಕ ರೌಂಡ್ ಮಾಡಿದ್ರ ನಿಮ್ಮ 343 ಏನೂ ಹೇಳಂಗಿಲ್ಲ.

ಸೇಡಂ_ಲೆಕ್ಕದಕ್ಕ
ಅದು ಖರೆ. ಈ ಹಾಳೆಯಲ್ಲೇ 28,687 ಮತ್ತು 29,371 ರೌಂಡ್ ಮಾಡಿದ ಸಂಖ್ಯೆಗಳು. ಸಾಲ ರೌಂಡ್ ಆಗಿ ಒಂದು ಲಕ್ಷ ಅಂತ ಕೊಟ್ಟಿದ್ದರೆ ಭಾಗಾಕಾರದ ಪರೀಕ್ಷೆ ಬಿಡಿ, ಲೆಕ್ಕವನ್ನೇ ಮಾಡಿ.

ಯಾದಗಿರಿ_ಕಡ್ಲೆ
ನಾನು ನಡುವೆ ಬರುತ್ತಿದ್ದೇನೆ. ಎಲ್ಲರೂ ಬಿ ಅಂತ ಕೂತಿದ್ದೀರಿ, ಕಟ್ ಆದ ಸಾಲನ್ನು ಯಾರೂ ನೋಡುತ್ತಿಲ್ಲ. "ಪ್ರತಿ ವರ್ಷದ" ಅಂದ ಮೇಲೆ "ಕೊನೆಯಲ್ಲಿ" ಇದೆಯೋ "ಆರಂಭದಲ್ಲಿ" ಇದೆಯೋ? ಆರಂಭದಲ್ಲಿ ಅಂತ ಇದ್ದರೆ ಉತ್ತರ ಎ, 24,200. ಸಾಲ ತೆಗೆದುಕೊಂಡ ದಿನವೇ 24,200 ಕಟ್ಟಿದರೆ ಉಳಿಯುವುದು 42,000. ವರ್ಷಕ್ಕೆ 46,200, ಅದರಲ್ಲಿ ಕಂತು ಹೋಗಿ 22,000. ಮತ್ತೊಂದು ವರ್ಷಕ್ಕೆ 24,200, ಕಂತು ಹೋಗಿ ಸೊನ್ನೆ. ಬಡ್ಡಿ 4,200 ಮತ್ತು 2,200, ಒಟ್ಟು 6,400. ಎರಡನೇ ಪ್ರಶ್ನೆಯ ಎ ನೋಡಿ, ಅದೇ ಇದೆ.

ಶಹಾಪುರ_ಹುಡುಗ
ಅಯ್ಯೋ, ಈಗ ಎ ನೂ ಸರಿ ಆತೇನು?

ಸೇಡಂ_ಲೆಕ್ಕದಕ್ಕ
ಕಡ್ಲೆ ಅವರು ಹೇಳಿದ ಲೆಕ್ಕ ಸರಿ ಇದೆ. ಆದರೆ ಏನೂ ಹೇಳದಿದ್ದಾಗ ಕಂತು ವರ್ಷದ ಕೊನೆಗೆ ಅಂತಲೇ ಹಿಡಿಯೋದು ರೂಢಿ. ಎ ಆಯ್ಕೆ ಇರೋದು ಅವಸರದಲ್ಲಿ ಎರಡನೇ ಕಂತಿನ ನಂತರದ ಬಾಕಿಯನ್ನೇ ಕಂತು ಅಂತ ಬರೆಯೋರಿಗೂ ಆಗಿರಬಹುದು. ಅದೂ 24,200 ಅಲ್ವಾ, ಮೇಲೆ ಪುಸ್ತಕದಲ್ಲಿ ನೋಡಿ.

ಯಾದಗಿರಿ_ಕಡ್ಲೆ
ರೂಢಿ ಅನ್ವಯಿಸುವುದು ಪ್ರಶ್ನೆ ಏನೂ ಹೇಳದಿದ್ದಾಗ. ಇಲ್ಲಿ ಪ್ರಶ್ನೆ ಏನೋ ಹೇಳಿದೆ, ನಮಗೆ ಕಾಣುತ್ತಿಲ್ಲ. ಎರಡು ಪ್ರಶ್ನೆಯಲ್ಲೂ ಎ ಒಂದಕ್ಕೊಂದು ಕೂಡಿ ಬರುತ್ತಿದೆ. 6,400 ಎಂಬ ಸಂಖ್ಯೆ ಆರಂಭದ ಕಂತಿನಿಂದಲ್ಲದೆ ಬೇರೆಲ್ಲಿಂದ ಬಂತು, ತೋರಿಸಿ.

ನಿವೃತ್ತ_ಶಾಖಾಧಿಕಾರಿ
ರೈತನ ಸಾಲ ಅಂದಿದ್ದಾರೆ. ಸಾಲ ಕೊಟ್ಟ ದಿನವೇ ಮೊದಲ ಕಂತು ವಸೂಲಿ ಮಾಡುವ ಬೇಸಾಯದ ಸಾಲ ನಾನಂತೂ ನೋಡಿಲ್ಲ. ನಮ್ಮ ಕಡೆ ಟ್ರ್ಯಾಕ್ಟರ್, ಬಾವಿ, ಪೈಪ್‌ಲೈನ್ ಸಾಲಗಳ ಕಂತು ತೊಗರಿ ರಾಶಿ ಆಗಿ ದುಡ್ಡು ಕೈಗೆ ಬರುವ ಹೊತ್ತಿಗೆ ಇಟ್ಟಿರುತ್ತಾರೆ. ಆದರೆ ವಾಹನ ಮತ್ತು ಟಿವಿ, ಫ್ರಿಜ್ ಸಾಲಗಳಲ್ಲಿ ಮುಂಗಡ ಕಂತು ಎಂಬುದು ಇದ್ದೇ ಇದೆ, ಕಡ್ಲೆ ಅವರು ಹೇಳುವ ಲೆಕ್ಕ ಅಲ್ಲಿ ಬೇಕಾಗುತ್ತದೆ. ಪರೀಕ್ಷೆಯ ಪ್ರಶ್ನೆ ಬರೆದವರು ಬ್ಯಾಂಕಿನ ರೂಢಿ ನೋಡಿ ಬರೆದಿರುತ್ತಾರೆ ಎಂಬ ಖಾತ್ರಿ ಮಾತ್ರ ನಾನು ಕೊಡಲಾರೆ.

ಬೀದರ್_ಬಿದರಿ
ಮತ್ತೊಂದು ಹೇಳ್ಲಿ? ಕಟ್ ಆದ ಕಡಿ "ಬಡ್ಡಿಯನ್ನು ಅರ್ಧವಾರ್ಷಿಕವಾಗಿ" ಅಂತಲೂ ಇರಬಹುದು. ಆಗ ಇಡೀ ಲೆಕ್ಕನೇ ಹೋತು.

ಸೇಡಂ_ಲೆಕ್ಕದಕ್ಕ
ಅರ್ಧವಾರ್ಷಿಕ ಆದರೆ ವರ್ಷದ ದರ 10.25 ಆಗುತ್ತೆ. ಆರು ತಿಂಗಳಿಗೆ 5%, ಮತ್ತೆ ಅದರ ಮೇಲೆ 5%. ಆಗ ವರ್ಷದ ಕೊನೆಗೆ ಕಟ್ಟೋ ಕಂತು ಸುಮಾರು 26,737 ಬರುತ್ತೆ, ಉತ್ತರ ಇ. ಬಿ ಗಿಂತ ನೂರಾ ಹದಿನೇಳು ರೂಪಾಯಿ ಜಾಸ್ತಿ. ನೀವು "ಹತ್ತಿರದ್ದು" ಅಂತ ಬಿ ಹಚ್ಚಿ ತಪ್ಪು ಮಾಡ್ತೀರಿ ಅಂತ ಈಗಲೇ ಹೇಳಿಡ್ತೀನಿ ಅಣ್ಣಾ 🙂

ಆದರೆ 66,200 ಅನ್ನೋದು 3310ರಿಂದ ನಿಖರ 20 ಸಲ ಭಾಗವಾಗ್ತಾ ಇರುವಾಗ ಅರ್ಧವಾರ್ಷಿಕ ಅನ್ನೋದನ್ನು ನಾನು ನಂಬೋದಿಲ್ಲ. ಆರಂಭವೋ ಕೊನೆಯೋ ಅನ್ನೋದು ಮಾತ್ರ ಹಾಳೆ ನೋಡದೆ ತೀರ್ಮಾನ ಆಗಲ್ಲ, ಯಾಕಂದರೆ ಅಸಲು ಎರಡಕ್ಕೂ ಹೊಂದುತ್ತೆ.

ಆಳಂದ_ಎಕ್ಸ್‌ಪ್ರೆಸ್
ಒಂದು ಫೋಟೋಕ್ಕ ಮೂರು ಉತ್ತರ. ಫೋಟೋ ಹೊಡೆದವನಿಗಿ ಮೊದಲು ಕಂತು ಹಾಕ್ರಿ.

ಶಹಾಪುರ_ಹುಡುಗ
ಗೆಳೆಯನಿಗಿ ಮೆಸೇಜ್ ಹಾಕೀನಿ, ಹಾಳಿ ಕೋಚಿಂಗ್ ರೂಮಿನಾಗ ಅದ ಅಂತ, ನಾಳಿ ಪೂರಾ ಪುಟ ಹೊಡದು ಕಳಿಸ್ತಾನಂತ.

ಸೇಡಂ_ಲೆಕ್ಕದಕ್ಕ
ಹೊಡೆಯುವಾಗ ಹಾಳಿ ಮೇಜಿನ ಮ್ಯಾಲೆ ಚಪ್ಪಟೆ ಇಟ್ಟು, ನಾಲ್ಕೂ ಮೂಲೆ ಕಾಣೋ ಹಂಗೆ ನೇರ ಮೇಲಿಂದ ಹೊಡೆಯಲಿಕ್ಕೆ ಹೇಳು. ಪ್ರಶ್ನೆ ಸಂಖ್ಯೆಗಳ ಮೇಲೆ ಇರೋ ಸೂಚನೆಯ ಸಾಲೂ ಬೇಕು. "ಎರಡೂ ಪ್ರಶ್ನೆಗೆ ಈ ಮಾಹಿತಿ ಬಳಸಿ" ಅಂತ ಅಲ್ಲೇ ಷರತ್ತು ಬರೆದಿರುತ್ತಾರೆ, ಎಷ್ಟೋ ಫೋಟೋದಲ್ಲಿ ಅದೇ ಹೋಗಿರುತ್ತೆ.

ಅಲ್ಲಿವರೆಗೆ ಇದನ್ನು ಮಾಡಿ ನೋಡು: ಸಾಲ 1,26,100, ದರ 5%, ಮೂರು ಸಮಾನ ಕಂತು, ಪ್ರತಿ ವರ್ಷದ ಕೊನೆಗೆ. ಮಂಜು, ನೀವೂ ಮಾಡಿ, ಸೂತ್ರ ಬೇಡ.

ಗುರುಮಠಕಲ್_ಮಂಜು
ನಾ ಸೂತ್ರದಿಂದಲೇ ಮಾಡಿದೆ, ಚಕ್ರಬಡ್ಡಿದು. 46,305.

ಶಹಾಪುರ_ಹುಡುಗ
20ಕ್ಕ 21. ಕಂತು 9261 ಭಾಗ. ಒಂದು ವರ್ಷದ್ದು 8820, ಎರಡನೇದು 8400, ಮೂರನೇದು 8000. ಒಟ್ಟು 25,220. 1,26,100 ಭಾಗಿಸು 25,220 = 5. 9261 × 5 = 46,305. ಪುಸ್ತಕನೂ ಬರೆದೆ: ಬಾಕಿ 86,100, ಆಮ್ಯಾಲ 44,100, ಆಮ್ಯಾಲ ಸೊನ್ನಿ.

ಹುಮನಾಬಾದ್_ಹೈವೇ
ಸರ್ ಆ ಎಪಿಆರ್ ಸಾಲು ಹಾಳಿಯಾಗ ಎಲ್ಲಿ ಇರ್ತದ್ರಿ? ನನಗ ಕೊಟ್ಟಿದ್ದು ಇಂಗ್ಲಿಷ್‌ದಾಗ ಅದ, ನಾಲ್ಕು ಪುಟ.